ಭೇದಿ ಮಾತ್ರೆಯಿಂದ ಇಳಿಯುವ ತೂಕ ಯಾವುದು?

ಪ್ರಶ್ನೆ: ಮೂರು ತಿಂಗಳಿಂದ, ಊಟ ಹೆಚ್ಚಾಯಿತು ಎನಿಸಿದ ರಾತ್ರಿಗಳಲ್ಲಿ ಭೇದಿ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ ಒಂದೂವರೆ ಕಿಲೋ ಇಳಿದಿರುತ್ತದೆ. ಬಿಟ್ಟರೆ ಎರಡೇ ದಿನಗಳಲ್ಲಿ ಕಾಲು ಊದಿಕೊಂಡು ತೂಕ ಮೊದಲಿಗಿಂತ ಹೆಚ್ಚಾಗುತ್ತದೆ. ಕೊಬ್ಬು ಮರಳುತ್ತಿದೆಯೇ? ಈಚೆಗೆ ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ.

ವೈದ್ಯೆ: ಅದು ಕೊಬ್ಬಲ್ಲ, ನೀರು. ಅನ್ನ, ಎಣ್ಣೆ, ಸಕ್ಕರೆಗಳ ಶಕ್ತಿಯನ್ನು ಹೀರಿಕೊಳ್ಳುವುದು ಸಣ್ಣ ಕರುಳು. ಈ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ಅದರ ಮುಂದಿನ ದೊಡ್ಡ ಕರುಳಿನಲ್ಲಿ. ಬೆಳಗಿನ ಜಾವ ಹೊಟ್ಟೆ ನುಲಿಯುವ ಹೊತ್ತಿಗೆ ರಾತ್ರಿಯ ಊಟದ ಕ್ಯಾಲೊರಿ ಬಹುಪಾಲು ರಕ್ತಕ್ಕೆ ಸೇರಿಯಾಗಿರುತ್ತದೆ. ಹೊರಹೋಗುವುದು ನೀರು ಮತ್ತು ಲವಣ. ನೀರು ಕಡಿಮೆಯಾದುದನ್ನು ಗುರುತಿಸಿದ ದೇಹವು ಮೂತ್ರಪಿಂಡದ ಮೂಲಕ ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತದೆ, ಮತ್ತು ಮಾತ್ರೆ ನಿಂತ ಮೇಲೂ ಆ ಹಿಡಿತ ಕೆಲವು ದಿನ, ಕೆಲವರಲ್ಲಿ ಎರಡು ಮೂರು ವಾರ, ಸಡಿಲವಾಗುವುದಿಲ್ಲ. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಉಳಿಯುವುದು ಅದಕ್ಕೇ. ಆ ಊತಕ್ಕೆ ಹೆದರಿ ಮತ್ತೆ ಮಾತ್ರೆ ನುಂಗುವುದೇ ಈ ಅಭ್ಯಾಸ ಬಿಡದಿರಲು ದೊಡ್ಡ ಕಾರಣ.

ನನಗೆ ಹೆಚ್ಚು ಚಿಂತೆ ನಿಮ್ಮ ತೊಡೆಯದು. ಸ್ನಾಯುಗಳಿಗೂ ಹೃದಯಕ್ಕೂ ಬೇಕಾದ ಪೊಟ್ಯಾಸಿಯಂ ಭೇದಿಯಲ್ಲಿ ಸೋರುತ್ತದೆ. ನೀರನ್ನು ಬಿಗಿಹಿಡಿಯುವ ಹಾರ್ಮೋನು ಇನ್ನಷ್ಟನ್ನು ಮೂತ್ರದಲ್ಲಿ ಕಳೆಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಮೇಲಿರಬೇಕು. ಇದೇ ದೂರಿನೊಂದಿಗೆ ಬಂದಿದ್ದ ಒಬ್ಬ ಯುವತಿಯಲ್ಲಿ 2.6 ಇತ್ತು, ಇಸಿಜಿಯಲ್ಲೂ ಬದಲಾವಣೆ ಕಂಡಿತ್ತು. ನಾಳೆಯೇ ಪರೀಕ್ಷೆ ಮಾಡಿಸಿ. ಎದೆ ಡವಗುಟ್ಟಿದರೆ ಅಥವಾ ಕಣ್ಣು ಕತ್ತಲಿಟ್ಟರೆ ನಾಳೆಗೂ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಸದಸ್ಯರೊಬ್ಬರು: ರಾಸಾಯನಿಕ ಮಾತ್ರೆಗಳಲ್ಲಿ ಈ ತೊಂದರೆ ಇರುವುದು ನಿಜ. ಸೋನಾಮುಖಿ ಸೊಪ್ಪಾದರೆ ಭಯವಿಲ್ಲ.

ಔಷಧ ಅಂಗಡಿಯವರು: ಸೋನಾಮುಖಿಯನ್ನು ಮಲಬದ್ಧತೆಗೆ ಕೆಲವು ದಿನ ಬಳಸುವುದು ಬೇರೆ ಮಾತು. ನಾನು ಮಾರುವ ಎಷ್ಟೋ ಭೇದಿ ಮಾತ್ರೆಗಳಲ್ಲಿರುವುದು ಅದೇ ಸೊಪ್ಪಿನ ಸಾರ. ಸೊಪ್ಪಾದರೂ ಮಾತ್ರೆಯಾದರೂ ಪೊಟ್ಯಾಸಿಯಂ ಸೋರುವುದು ಒಂದೇ ರೀತಿ.

ಇನ್ನೊಬ್ಬರು: ನನ್ನ ತಾಯಿಗೆ ಎಪ್ಪತ್ತೆರಡು ವರ್ಷ, ಮಲಬದ್ಧತೆಗೆ ವೈದ್ಯರೇ ಪುಡಿ ಬರೆದುಕೊಟ್ಟಿದ್ದಾರೆ. ಅದನ್ನೂ ನಿಲ್ಲಿಸಬೇಕೇ?

ವೈದ್ಯೆ: ಬೇಡ, ಅಮ್ಮನವರ ವಿಷಯ ಬೇರೆ, ಹೇಳಿದ ಪ್ರಮಾಣದಲ್ಲೇ ಮುಂದುವರಿಸಲಿ. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ಊತ ಇಳಿಸಲೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ, ಪೊಟ್ಯಾಸಿಯಂ ಮತ್ತಷ್ಟು ಕುಸಿಯುತ್ತದೆ.

ಪ್ರಶ್ನೆ ಕೇಳಿದವರು: ಕರುಳು ಶಾಶ್ವತವಾಗಿ ಸೋಮಾರಿಯಾಗುತ್ತದೆ ಎನ್ನುತ್ತಾರಲ್ಲ? ಮತ್ತೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ವೈದ್ಯೆ: ಶಾಶ್ವತ ಹಾನಿಯ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಕಾಡುವುದಂತೂ ಸಾಮಾನ್ಯ. ಮನೆಯವರಿಗೆ ಹೇಳುವುದು ನಿಮಗೆ ಬಿಟ್ಟದ್ದು, ಆದರೆ ಪರೀಕ್ಷಿಸುವ ವೈದ್ಯರಿಗೆ ಮಾತ್ರೆಯ ವಿಷಯವನ್ನೂ, ಊಟದ ನಂತರ ಕಾಡುವ ಅಳುಕನ್ನೂ ಮುಚ್ಚಿಡದೆ ಹೇಳಿ. ಇಲ್ಲವಾದರೆ ಅವರು ಊದಿದ ಕಾಲು ನೋಡಿ ಮೂತ್ರಪಿಂಡದ ಕಾಯಿಲೆಯನ್ನು ಹುಡುಕುತ್ತ ಕೂರುತ್ತಾರೆ.