ಮೇನ್ ಬ್ಯಾಟರಿ 74%, ಆದರೂ ಕಾರು ಏಳಲಿಲ್ಲ: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಶನಿವಾರ

ದೊಡ್ಡಪ್ಪ: (ಫಾರ್ವರ್ಡ್ ವಿಡಿಯೊ: ಎಲೆಕ್ಟ್ರಿಕ್ ಕಾರನ್ನು ಲಾರಿಗೆ ಹತ್ತಿಸುತ್ತಿದ್ದಾರೆ. ಕೆಳಗೆ "ಮೂರೇ ವರ್ಷಕ್ಕೆ ಬ್ಯಾಟರಿ ಸತ್ತಿತು, ಲಕ್ಷಗಟ್ಟಲೆ ಖರ್ಚು" ಎಂಬ ಸಾಲು)

ದೊಡ್ಡಪ್ಪ: ಎಲ್ಲರೂ ನೋಡಿ. ಶಿವಮೊಗ್ಗದಲ್ಲಿ ತಂಗಿಯ ಕಾರಿಗೂ ಇವತ್ತು ಇದೇ ಆಗಿದೆ. ಪೆಟ್ರೋಲ್ ಗಾಡಿ ತಗೊಳ್ಳಿ ಅಂತ ನಾನು ಅವತ್ತೇ ಹೇಳಿದ್ದೆ.

ಅತ್ತೆ: ಹೌದು ಅಣ್ಣ, ನನಗೆ ಕೈಕಾಲೇ ಆಡುತ್ತಿಲ್ಲ. ಮೂರು ವಾರ ಮಗಳ ಮನೆಯಲ್ಲಿದ್ದು ನಿನ್ನೆ ರಾತ್ರಿ ಬಂದೆವು. ಬೆಳಿಗ್ಗೆ ರಿಮೋಟ್ ಒತ್ತಿದರೆ ಬಾಗಿಲು ತೆಗೆಯಲಿಲ್ಲ. ರಿಮೋಟ್ ಒಳಗಿರುವ ಕಬ್ಬಿಣದ ಕೀ ಹಾಕಿ ತೆಗೆದೆವು. ಬಟನ್ ಒತ್ತಿದರೆ ಸ್ಕ್ರೀನ್ ಒಮ್ಮೆ ಮಿಣುಕಿ ಆರಿತು. ಎಲ್ಲೋ ಟಕಟಕ ಅಂತ ಸದ್ದು ಬಂತು, ಅಷ್ಟೇ. ಹೋಗುವಾಗ 74% ಚಾರ್ಜ್ ಇತ್ತು.

ನಾನು: ಅತ್ತೆ, ಹೆದರಬೇಡಿ. ದೊಡ್ಡ ಬ್ಯಾಟರಿಗೆ ಏನೂ ಆಗಿರುವ ಹಾಗೆ ಕಾಣುತ್ತಿಲ್ಲ. ಬಾನೆಟ್ ಕೆಳಗೆ ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟ್ ಬ್ಯಾಟರಿ ಒಂದಿದೆ. ಕೂತಿರುವುದು ಅದು. ನಮ್ಮ ವರ್ಕ್‌ಶಾಪಿಗೆ ಇಂಥ ಗಾಡಿಗಳು ಬರುತ್ತಲೇ ಇರುತ್ತವೆ. ವಿಡಿಯೊದಲ್ಲೂ ಬಾಗಿಲು ಕೈ ಕೀಯಲ್ಲೇ ತೆಗೆದಿದ್ದಾರೆ, ಡ್ಯಾಶ್ ಪೂರ್ತಿ ಕಪ್ಪಗಿದೆ. ಬರೀ ದೊಡ್ಡ ಬ್ಯಾಟರಿ ಕೆಟ್ಟಿದ್ದರೆ ಬಾಗಿಲು ತೆರೆಯುತ್ತಿತ್ತು, ಸ್ಕ್ರೀನ್ ಹತ್ತಿ ಎರರ್ ತೋರಿಸುತ್ತಿತ್ತು.

ದೊಡ್ಡಪ್ಪ: 74% ಕರೆಂಟು ಗಾಡಿಯೊಳಗೇ ಇದ್ದರೆ ಸಣ್ಣ ಬ್ಯಾಟರಿ ಯಾಕೆ ಬೇಕು? ಇದು ಒಪ್ಪುವ ಮಾತಲ್ಲ.

ನಾನು: ನಿಮ್ಮ ತೋಟದ ಸ್ಟಾರ್ಟರ್ ಪೆಟ್ಟಿಗೆ ನೆನಪು ಮಾಡಿಕೊಳ್ಳಿ ದೊಡ್ಡಪ್ಪ. ಬೋರ್‌ನಲ್ಲಿ ನೀರಿದೆ, ಲೈನ್‌ನಲ್ಲಿ ತ್ರೀ ಫೇಸ್ ಇದೆ. ಆದರೆ ಸ್ಟಾರ್ಟರ್ ಒಳಗಿನ ಕಾಯಿಲ್ ಎಳೆಯದಿದ್ದರೆ ಮೋಟಾರ್ ಓಡುತ್ತದೆಯೇ? ಕಾರಿನಲ್ಲೂ ಹಾಗೇ. ದೊಡ್ಡ ಬ್ಯಾಟರಿಗೂ ಕಾರಿಗೂ ನಡುವೆ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ ಇದೆ. ಅದರ ಕಾಯಿಲ್ ಎಳೆದು ಹಿಡಿಯುವುದು 12 ವೋಲ್ಟ್. ಗಾಡಿ ಆಫ್ ಮಾಡಿದಾಗ, ಆಕ್ಸಿಡೆಂಟ್ ಆದಾಗ, ಮುನ್ನೂರು ವೋಲ್ಟಿಗೂ ಜಾಸ್ತಿ ಇರುವ ಆ ಕರೆಂಟು ಹೊರಗೆ ಬರಬಾರದು ಅಂತಲೇ ಹೀಗೆ ಮಾಡಿರುತ್ತಾರೆ. ಸಣ್ಣದಕ್ಕೆ ಚಾರ್ಜ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಇರುವುದು ಕಾಂಟ್ಯಾಕ್ಟರ್‌ನ ಆಚೆ. ಕಾಂಟ್ಯಾಕ್ಟರ್ ಕೂಡಲಿಲ್ಲ ಅಂದರೆ ದೊಡ್ಡದರಿಂದ ಸಣ್ಣದಕ್ಕೆ ಒಂದು ಹನಿಯೂ ಬರುವುದಿಲ್ಲ. ಅತ್ತೆ ಕೇಳಿದ ಟಕಟಕ ಸದ್ದು ರಿಲೇ, ಕಾಂಟ್ಯಾಕ್ಟರ್‌ಗಳದ್ದು. ಎಳೆಯಲು ನೋಡಿ, ವೋಲ್ಟೇಜ್ ಸಾಲದೆ ಬಿಟ್ಟುಬಿಡುತ್ತಿವೆ.

ದೊಡ್ಡಪ್ಪ: ಲೋ ವೋಲ್ಟೇಜ್‌ನಲ್ಲಿ ನಮ್ಮ ಸ್ಟಾರ್ಟರ್ ಬಡಿದುಕೊಳ್ಳುವ ಹಾಗೆ.

ನಾನು: ಅದೇ ಸದ್ದು.

ಚಿಕ್ಕಪ್ಪ: ನಾನು ಇಪ್ಪತ್ತು ವರ್ಷ ಗ್ಯಾರೇಜ್ ನಡೆಸಿದವನು. ಬ್ಯಾಟರಿ ಸಾಯುವ ಮೊದಲು ಗೊತ್ತಾಗಿಯೇ ಆಗುತ್ತದೆ. ಸೆಲ್ಫ್ ಎಳೆಯಲ್ಲ, ಚಳಿಗಾಲದ ಬೆಳಿಗ್ಗೆ ಗರ್ ಗರ್ ಅನ್ನುತ್ತದೆ. ಅಕ್ಕನಿಗೆ ಯಾಕೆ ಗೊತ್ತಾಗಲಿಲ್ಲ?

ನಾನು: ಇಲ್ಲಿ ಸೆಲ್ಫೇ ಇಲ್ಲವಲ್ಲ ಚಿಕ್ಕಪ್ಪ. ಸೆಲ್ಫ್ ಮೋಟಾರ್ ಬ್ಯಾಟರಿಯಿಂದ ನೂರಾರು ಆಂಪಿಯರ್ ಎಳೆಯುತ್ತದೆ. ದಿನಾ ಬೆಳಿಗ್ಗೆ ಅದೇ ಒಂದು ಪರೀಕ್ಷೆ. ಎಲೆಕ್ಟ್ರಿಕ್ ಕಾರು ಏಳಲು ಅದರ ಚೂರುಪಾರು ಸಾಕು. ಹಾಗಾಗಿ ಮುಕ್ಕಾಲು ಪಾಲು ಸತ್ತ ಬ್ಯಾಟರಿಯೂ ಕೆಲಸ ಮಾಡುತ್ತಲೇ ಇರುತ್ತದೆ, ಆಮೇಲೆ ಒಂದು ದಿನ ಏಕಾಏಕಿ ಕೈ ಕೊಡುತ್ತದೆ. ಸೂಚನೆ ಕೊಡುತ್ತದೆ, ಆದರೆ ಬೇರೆ ಥರ. ಅತ್ತೆ, ಊರಿಗೆ ಹೋಗುವ ಮೊದಲು ಏನಾದರೂ ವಿಚಿತ್ರ ಅನ್ನಿಸಿತ್ತಾ?

ಅತ್ತೆ: ಸ್ಕ್ರೀನ್ ಎರಡು ಸಲ ತಾನಾಗಿ ಆರಿ ಹತ್ತಿತ್ತು. ಒಂದು ಸಲ ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ಎಲ್ಲ ದೀಪಗಳೂ ಒಟ್ಟಿಗೆ ಬಂದವು. ಆಫ್ ಮಾಡಿ ಆನ್ ಮಾಡಿದ ಮೇಲೆ ಹೋದವು. ಮೊಬೈಲ್ ಆ್ಯಪ್‌ನಲ್ಲಿ ಎಷ್ಟೋ ಸಲ ಕಾರು ಸಿಗುತ್ತಲೇ ಇರಲಿಲ್ಲ. ನೆಟ್‌ವರ್ಕ್ ಇಲ್ಲ ಅಂದುಕೊಂಡೆ.

ನಾನು: ಇವೇ ಸೂಚನೆಗಳು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ದೀಪ ಒಟ್ಟಿಗೆ ಹತ್ತಿ, ರೀಸ್ಟಾರ್ಟ್ ಮಾಡಿದರೆ ಮಾಯವಾದರೆ ಮೊದಲು 12 ವೋಲ್ಟ್ ನೋಡಬೇಕು. ಬ್ರೇಕು, ಏರ್‌ಬ್ಯಾಗು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಎಲ್ಲ ಕಂಪ್ಯೂಟರ್‌ಗಳಿಗೂ ವೋಲ್ಟೇಜ್ ಒಟ್ಟಿಗೆ ಬಿದ್ದರೆ ಹೀಗಾಗುತ್ತದೆ. ಚಾರ್ಜರ್ ಗನ್ ಹಾಕಿದರೂ ಚಾರ್ಜ್ ಶುರುವಾಗದಿರುವುದೂ ಇದರಿಂದ ಆಗಬಹುದು.

ಅತ್ತೆ: ಸರಿ, ಮೂರು ವಾರದಲ್ಲಿ ಖಾಲಿ ಹೇಗಾಯಿತು? ಎಲ್ಲ ಲಾಕ್ ಮಾಡಿದ್ದೆ.

ನಾನು: ಮಾವ ಹೋದ ವರ್ಷ ಹಾಕಿಸಿದ ಡ್ಯಾಶ್‌ಕ್ಯಾಮ್ ಗಾಡಿ ನಿಂತಾಗಲೂ ರೆಕಾರ್ಡ್ ಮಾಡುತ್ತದೆ ಅಲ್ವಾ? ಕಾಲು ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 6 ಆಂಪಿಯರ್-ಅವರ್. 40ರ ಹೊಸ ಬ್ಯಾಟರಿಯೇ ಒಂದು ವಾರ ತಾಳುವುದಿಲ್ಲ, ನಿಮ್ಮದಕ್ಕೆ ನಾಲ್ಕು ವರ್ಷ. ಕೆಲವು ಕಾರುಗಳು ನಿಂತಲ್ಲೇ ಆಗಾಗ ಎದ್ದು ದೊಡ್ಡದರಿಂದ ಸಣ್ಣದನ್ನು ತುಂಬಿಕೊಳ್ಳುತ್ತವೆ, ಕೆಲವು ಇಲ್ಲ. ನಿಮ್ಮದು ಯಾವ ಥರ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ.

ಚಿಕ್ಕಪ್ಪ: ಪಕ್ಕದ ಮನೆ ಕಾರಿಂದ ಜಂಪ್ ಕೊಟ್ಟರೆ ಮುಗಿಯಿತು. ಇಷ್ಟು ಉದ್ದ ಪಾಠ ಬೇಡ.

ನಾನು: ಜಂಪ್ ಕೊಡಿ, ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಮಾವ, ಪಕ್ಕದ ಕಾರಿನ ಎಂಜಿನ್ ಆಫ್ ಇರಲಿ, ಏಳಿಸಲು ಅಷ್ಟು ಸಾಕು. ಕ್ಲಿಪ್ ಎಲ್ಲಿ ಹಾಕಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ, ಅಲ್ಲೇ ಹಾಕಿ. ಕಿತ್ತಳೆ ಬಣ್ಣದ ವೈರ್ ಮುಟ್ಟಲೇಬೇಡಿ. ಮೊದಲು ಮಲ್ಟಿಮೀಟರ್‌ನಲ್ಲಿ ಒಂದು ರೀಡಿಂಗ್, ಸ್ಕ್ರೀನ್‌ನಲ್ಲಿ READY ಬಂದು ಕ್ಲಿಪ್ ತೆಗೆದ ಮೇಲೆ ಇನ್ನೊಂದು. ಎರಡನೆಯದು ಹದಿಮೂರೂವರೆಯಿಂದ ಹದಿನಾಲ್ಕೂವರೆ ಒಳಗೆ ಬಂದರೆ ಕನ್ವರ್ಟರ್ ಚೆನ್ನಾಗಿದೆ. ಹನ್ನೆರಡರ ಆಸುಪಾಸಲ್ಲೇ ನಿಂತು ಇಳಿಯುತ್ತಾ ಹೋದರೆ ಕನ್ವರ್ಟರ್ ಕಡೆಯೇ ತೊಂದರೆ. ಆಗ ಹೊಸ ಬ್ಯಾಟರಿ ಹಾಕಿದರೂ ಅದೂ ಖಾಲಿಯಾಗುತ್ತದೆ, ಗಾಡಿ ಓಡಿಸಲೂ ಬೇಡಿ.

ಮಾವ: ಮೊದಲು 10.4 ಇತ್ತು. ಈಗ READY ಬಂದಿದೆ, ಮೀಟರ್ 14.2 ತೋರಿಸುತ್ತಿದೆ. ಮೇನ್ ಬ್ಯಾಟರಿ 73%.

ದೊಡ್ಡಪ್ಪ: ಹಾಗಾದರೆ ಹೊಸ ಬ್ಯಾಟರಿಯೂ ಬೇಡ, ಅಲ್ವಾ?

ನಾನು: ಅದನ್ನು ಈಗ ಹೇಳಲಾಗದು. 14.2 ಕನ್ವರ್ಟರ್ ಕೊಡುತ್ತಿರುವ ವೋಲ್ಟೇಜು, ಬ್ಯಾಟರಿಯ ಸ್ವಂತದ್ದಲ್ಲ. ಡ್ಯಾಶ್‌ಕ್ಯಾಮ್ ಪ್ಲಗ್ ಕಿತ್ತು, ಸಂಜೆಯವರೆಗೆ ಮನೆ ಚಾರ್ಜರ್‌ಗೆ ಹಾಕಿಡಿ. ಅಷ್ಟು ಹೊತ್ತೂ ಸಣ್ಣದಕ್ಕೂ ಚಾರ್ಜ್ ಹೋಗುತ್ತದೆ. ಆಮೇಲೆ ಗನ್ ತೆಗೆದು, ಬಾನೆಟ್ ಚಿಲಕ ಬೀಳದ ಹಾಗೆ ಬಿಟ್ಟು ಲಾಕ್ ಮಾಡಿ. ಬೆಳಿಗ್ಗೆ ಬಾಗಿಲು ತೆಗೆಯದೆ ಅಳೆಯಿರಿ. ಬಾಗಿಲು ತೆಗೆದರೆ ಕಾರು ಎಚ್ಚರವಾಗಿ ರೀಡಿಂಗ್ ತಪ್ಪುತ್ತದೆ. 12.6 ಅಥವಾ ಮೇಲಿದ್ದರೆ ಬ್ಯಾಟರಿ ಹಿಡಿದಿಟ್ಟುಕೊಳ್ಳುತ್ತಿದೆ. 12.2ಕ್ಕೂ ಕೆಳಗೆ ಬಂದರೆ ಬದಲಾಯಿಸಿ.

ಭಾನುವಾರ

ಮಾವ: 11.9.

ಚಿಕ್ಕಪ್ಪ: ಒಂದೇ ರಾತ್ರಿಗೆ! ಹೋಯಿತು ಬಿಡಿ, ಪ್ಲೇಟ್ ಸಲ್ಫೇಟ್ ಆಗಿದೆ. ಭಾವ, ಹಳೆಯದರ ಮೇಲೆ ಏನು ಬರೆದಿದೆಯೋ ಅದೇ ಜಾತಿಯದು ತನ್ನಿ. ಕಮ್ಮಿಗೆ ಸಿಗುತ್ತದೆ ಅಂತ ಬೇರೆ ಹಾಕಬೇಡಿ.

ನಾನು: ಚಿಕ್ಕಪ್ಪ ಹೇಳಿದ್ದು ಸರಿ. ಕನ್ವರ್ಟರ್ ಚಾರ್ಜ್ ಮಾಡುವ ಲೆಕ್ಕ ಆ ಜಾತಿಯ ಬ್ಯಾಟರಿಗೇ ಹೊಂದಿಸಿರುತ್ತದೆ. ಇನ್ನೊಂದು ವಿಷಯ, ಈ ಕಾರಿಂದ ಯಾರ ಪೆಟ್ರೋಲ್ ಕಾರಿಗೂ ಜಂಪ್ ಕೊಡಬೇಡಿ. ಸೆಲ್ಫ್ ಎಳೆಯುವ ಆಂಪಿಯರ್ ಕೊಡಲು ಇದನ್ನು ಮಾಡಿಲ್ಲ.

ದೊಡ್ಡಪ್ಪ: ವಿಡಿಯೊ ತೆಗೆದುಹಾಕಿದ್ದೇನೆ. ಬೀಗರ ಗುಂಪಿಗೂ ಕಳಿಸಿದ್ದೆ, ಅಲ್ಲೂ ಹೇಳುತ್ತೇನೆ. ಆದರೆ ಒಂದು ಮಾತು. ಮೂರು ವಾರ ನಿಂತರೆ ಏಳದ ಗಾಡಿ ಮಾರುವವರು ಇದನ್ನೆಲ್ಲ ಮೊದಲೇ ಹೇಳಬೇಕಿತ್ತು.

ನಾನು: ಖಂಡಿತ ಹೇಳಬೇಕಿತ್ತು ದೊಡ್ಡಪ್ಪ. ಗಾಡಿ ಕೊಡುವ ದಿನ ದೊಡ್ಡ ಬ್ಯಾಟರಿಯ ವಾರಂಟಿ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಇದರ ಹೆಸರೇ ಎತ್ತುವುದಿಲ್ಲ. ಅದು ನನಗೂ ಬೇಜಾರು.

ಮಂಗಳವಾರ

ಅತ್ತೆ: ಹೊಸದು ಹಾಕಿಸಿದೆವು. ಇವತ್ತು ಬೆಳಿಗ್ಗೆ ಬಾಗಿಲು ತೆಗೆಯದೆ ನಾನೇ ಅಳೆದೆ, 12.7. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ರೆಕಾರ್ಡ್ ಆಫ್ ಮಾಡಿಸಿದ್ದೇನೆ.