ಪದಚರ್ಚೆ: ‘ಹಳಸಿದ ಜಾಡಿ’ ಎಂದರೆ ಸರಿಯೇ?

ಕೊಲಂಬಸ್, ಒಹಾಯೊದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ತೋಟದ ಬೀನ್ಸ್, ಟೊಮ್ಯಾಟೊ, ಪೀಚ್ ಎಲ್ಲವನ್ನೂ ಗಾಜಿನ ಜಾಡಿಗೆ ತುಂಬಿ ವರ್ಷಕ್ಕಾಗುವಷ್ಟು ಇಡುತ್ತಾರೆ. ನಮ್ಮ ಕನ್ನಡದವರೂ ಇದನ್ನು ಕಲಿತಿದ್ದಾರೆ. ಅವರಿಗಾಗಿ ಒಂದು ಪುಟದ ಎಚ್ಚರಿಕೆ ಬರೆಯುತ್ತಿದ್ದೇನೆ. “ಹಳಸಿದ ಜಾಡಿಯದನ್ನು ತಿನ್ನಬೇಡಿ” ಎಂದು ಬರೆದು ಅತ್ತೆಯವರಿಗೆ ತೋರಿಸಿದೆ. “ಅದೇನು ಹೇಳಬೇಕಾ? ಮೂಸಿ ನೋಡಿದ್ರೆ ಗೊತ್ತಾಗತ್ತಲ್ಲ” ಅಂದರು. ನನಗೆ ಭಯವಾಯಿತು.

ಇಲ್ಲೇ ಹತ್ತಿರದ ಲ್ಯಾಂಕಾಸ್ಟರ್‌ನಲ್ಲಿ 2015ರ ಏಪ್ರಿಲ್‌ನಲ್ಲಿ ಚರ್ಚಿನ ಊಟದ ನಂತರ 29 ಜನರಿಗೆ ಬಾಟ್ಯುಲಿಸಂ ಎಂಬ ವಿಷಾಹಾರದ ಕಾಯಿಲೆ ಆಯಿತು. ಒಬ್ಬರು ತೀರಿಕೊಂಡರು. ಅದು ಬಂದಿದ್ದು ಆಲೂಗಡ್ಡೆ ಸಲಾಡ್‌ನಿಂದ. ಆಲೂಗಡ್ಡೆಯನ್ನು ಮನೆಯಲ್ಲೇ ಜಾಡಿಗೆ ತುಂಬಿ, ಪ್ರೆಷರ್ ಕೊಡದೆ, ಬರೀ ಕುದಿಯುವ ನೀರಲ್ಲಿಟ್ಟು ತೆಗೆದಿದ್ದರು. ಸಲಾಡ್ ಮಾಡುವಾಗಲೂ ಮತ್ತೆ ಕಾಯಿಸಿರಲಿಲ್ಲ. ಈ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ‘ಹಳಸು’ ಅಂದ ಕೂಡಲೇ ನಮ್ಮವರು ಮೂಗನ್ನು ನಂಬುತ್ತಾರೆ. ಬೇರೆ ಪದ ಯಾವುದಿದೆ? ‘ಸೀಲ್’ಗೂ ಕನ್ನಡ ಬೇಕೇ?

ಶಿರಸಿಯಿಂದ:

ತಮ್ಮಾ, ನಮ್ಮ ಕಡೆ ‘ಹಳಸು’ ಅನ್ನುವುದು ಅನ್ನ, ಸಾರಿನಂಥ ಬೇಯಿಸಿದ್ದಕ್ಕೆ. ಉಪ್ಪಿನಕಾಯಿ ಹಳಸಿತು ಅಂತ ಯಾರೂ ಹೇಳುವುದಿಲ್ಲ. ಬೂಷ್ಟು ಹಿಡಿಯಿತು ಅಥವಾ ಕೆಟ್ಟಿತು ಅನ್ನುತ್ತೇವೆ. ಹೋದ ವರ್ಷ ನನ್ನ ಮಿಡಿ ಭರಣಿಗೇ ಬೂಷ್ಟು ಬಂತು. ಒದ್ದೆ ಸೌಟು ಹಾಕಿದ್ದರಿಂದ ಇರಬೇಕು. ಉಪ್ಪು ಜಾಸ್ತಿ ಹಾಕಿ ಅಂತ ಬರೆಯಿರಿ, ಸಾಕು.

ಮೈಸೂರಿನಿಂದ:

‘ಸೀಲ್ ಆಗಿದೆ’ ಅನ್ನುವುದಕ್ಕೆ ‘ಮುಚ್ಚಳ ಕಚ್ಚಿಕೊಂಡಿದೆ’ ಅನ್ನಬಹುದು. ಮುಚ್ಚಳ ಒಳಗೆ ತಗ್ಗಿ ಕೂತಿದ್ದರೆ ಗಾಳಿ ಹೋಗಿಲ್ಲ, ಹೆದರಬೇಕಿಲ್ಲ. ಚೆನ್ನಾಗಿ ಕುದಿಸಿದ್ದರೆ ಯಾವ ಕ್ರಿಮಿಯೂ ಉಳಿಯುವುದಿಲ್ಲ ಅಲ್ವಾ?

ಧಾರವಾಡದಿಂದ:

ನಾನು ಆಹಾರ ಸೂಕ್ಷ್ಮಜೀವಿ ವಿಷಯ ಪಾಠ ಮಾಡಿ ನಿವೃತ್ತನಾದವನು. ಮೈಸೂರಿನ ಮಿತ್ರರ ಪದ ಚೆನ್ನಾಗಿದೆ, ಆದರೆ ಅವರ ಧೈರ್ಯ ಅಪಾಯದ್ದು. ಬಾಟ್ಯುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಗಳು 100 ಡಿಗ್ರಿಯ ಕುದಿಯುವ ನೀರಲ್ಲೂ ಉಳಿಯುತ್ತವೆ. ಅವನ್ನು ಕೊಲ್ಲಲು ಪ್ರೆಷರ್ ಬೇಕು, 116ರಿಂದ 121 ಡಿಗ್ರಿ ಬೇಕು, ಅದೂ ಜಾಡಿಯ ನಡುವಿನವರೆಗೂ ಮುಟ್ಟಬೇಕು. ನಮ್ಮ ಸಣ್ಣ ಕುಕ್ಕರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಅದರಲ್ಲಿ ಇಷ್ಟು ಸೀಟಿ ಸಾಕು ಎಂದು ಯಾರೂ ಪರೀಕ್ಷಿಸಿ ಹೇಳಿಲ್ಲ.

ಮುಚ್ಚಳ ಕಚ್ಚಿಕೊಂಡರೆ ಹೊರಗಿನ ಗಾಳಿ ಒಳಗೆ ಬರುವುದಿಲ್ಲ, ನಿಜ. ಆದರೆ ಈ ಜೀವಿಗೆ ಗಾಳಿಯಿಲ್ಲದ ಜಾಗವೇ ಬೇಕು. ಕುದಿಸಿ ಬಿಗಿಯಾಗಿ ಮುಚ್ಚಿದ ಬೀನ್ಸ್ ಜಾಡಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಶಿರಸಿಯ ಅಕ್ಕನವರೇ, ನಿಮ್ಮ ಮಿಡಿಯಲ್ಲಿ ಉಪ್ಪು, ಹುಳಿ ಎರಡೂ ಇವೆ. ಇವರು ಕೇಳುತ್ತಿರುವುದು ಹುಳಿಯಿಲ್ಲದ ತರಕಾರಿಯ ವಿಷಯ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಸಾಕಷ್ಟಿದ್ದರೆ, ಆ ಬೀಜಕ ಮೊಳೆಯುವುದಿಲ್ಲ. ಪೀಚ್ ಅಲ್ಲಿ ಬರುತ್ತದೆ, ಬೀನ್ಸ್ ಆಲೂಗಡ್ಡೆ ಬರುವುದಿಲ್ಲ. ಟೊಮ್ಯಾಟೊ ಅಂಚಿನಲ್ಲಿದೆ. ಅದಕ್ಕೇ ಅಮೆರಿಕದಲ್ಲಿ ಅರ್ಧ ಲೀಟರಿನಷ್ಟು ಹಿಡಿಯುವ ಜಾಡಿಗೆ ಒಂದು ದೊಡ್ಡ ಚಮಚ ಬಾಟಲಿಯ ನಿಂಬೆರಸ ಹಾಕಿಸುತ್ತಾರೆ.

ಜಾಡಿ ನೋಡುವ ಬಗೆ ಹೀಗೆ. ಮುಚ್ಚಳದ ನಡುವೆ ಬೆರಳಿಟ್ಟು ಒತ್ತಿ. ‘ಟಕ್’ ಎಂದು ಮೇಲೆ ಕೆಳಗೆ ಆಡಿದರೆ ಅದು ಕಚ್ಚಿಕೊಂಡಿಲ್ಲ. ಮುಚ್ಚಳ ಉಬ್ಬಿರಬಹುದು, ಅಂಚಿನಲ್ಲಿ ಒಣಗಿದ ರಸದ ಗೆರೆ ಇರಬಹುದು. ತೆರೆದಾಗ ರಸ ಚಿಮ್ಮಬಹುದು, ಗುಳ್ಳೆ ಏಳಬಹುದು. ಇವುಗಳಲ್ಲಿ ಒಂದು ಕಂಡರೂ ನಾಲಿಗೆಗೆ ಮುಟ್ಟಿಸಬೇಡಿ. ಜಾಡಿ ಸಮೇತ ಎರಡು ಚೀಲದಲ್ಲಿ ಕಟ್ಟಿ ಎಸೆಯಿರಿ. ಆದರೆ ಇದರಲ್ಲಿ ಯಾವುದೂ ಕಾಣದೆಯೂ ವಿಷ ಇರಬಹುದು. ಹಾಗಾಗಿ ಮೊದಲು ಕೇಳಬೇಕಾದದ್ದು “ಹೇಗೆ ಕಾಯಿಸಿದ್ದೀರಿ” ಅಂತ.

ಕೊಲಂಬಸ್‌ನಿಂದ, ಮತ್ತೆ:

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ‘ಹಳಸಿದ’ ತೆಗೆದೆ. ಈಗ ಹೀಗಿದೆ: “ಬೀನ್ಸ್, ಆಲೂಗಡ್ಡೆಯಂಥ ಹುಳಿಯಿಲ್ಲದ ತರಕಾರಿಯನ್ನು ಜಾಡಿಗೆಂದೇ ಇರುವ ದೊಡ್ಡ ಕುಕ್ಕರ್ ಆದ ಪ್ರೆಷರ್ ಕ್ಯಾನರ್‌ನಲ್ಲಿ ಕಾಯಿಸಿರದಿದ್ದರೆ, ಮುಚ್ಚಳ ಗಟ್ಟಿಯಾಗಿ ಕಚ್ಚಿಕೊಂಡಿದ್ದರೂ, ವಾಸನೆ ಚೆನ್ನಾಗಿದ್ದರೂ ತಿನ್ನಬೇಡಿ.” ಅತ್ತೆಯವರು ಓದಿ, ಕಪಾಟಿನಲ್ಲಿದ್ದ ಬೀನ್ಸಿನ ಎರಡು ಜಾಡಿ ತೋರಿಸಿ “ಇವು?” ಅಂದರು. ಪಕ್ಕದ ಮನೆಯವರು ಕೊಟ್ಟಿದ್ದು. ಕೇಳಿದೆ. ನೀರಲ್ಲಿ ಕುದಿಸಿದ್ದಷ್ಟೇ ಅಂದರು. ಎಸೆದೆವು.

ಒಂದು ಮಾತ್ರ ಉಳಿಯಿತು. ‘ಕಾಯಿಸು’ ಎಂದರೆ ಹಾಲು ಕಾಯಿಸಿದ ಹಾಗೆ ಅಂದುಕೊಳ್ಳುತ್ತಾರೇನೋ. ‘ಬೇಯಿಸು’ ಎಂದರೆ ತರಕಾರಿ ಬೆಂದರೆ ಸಾಕು ಅಂದುಕೊಳ್ಳುತ್ತಾರೆ. ಜಾಡಿ ಮುಚ್ಚಿದ ಮೇಲೆ ಕೊಡುವ ಆ ಬಿಸಿಗೆ ನಿಮ್ಮ ಊರಲ್ಲಿ ಬೇರೆ ಮಾತಿದೆಯೇ?