ಲ್ಯಾಂಡ್‌ಸ್ಯಾಟ್ 8: ಪ್ಯಾನ್‌ಶಾರ್ಪನಿಂಗ್ ಮಾಡಿದ ಮೇಲೆ ಗದ್ದೆಗಳು ಕಪ್ಪಾಗಿ ಕಾಣುತ್ತಿವೆ

ಬಯಲುಸೀಮೆ: ತುಂಗಭದ್ರಾ ಜಲಾಶಯದ ಸುತ್ತಲಿನ ಚಿತ್ರದಲ್ಲಿ 30 ಮೀಟರಿನ ಕೆಂಪು, ಹಸಿರು, ನೀಲಿ ಬ್ಯಾಂಡ್‌ಗಳನ್ನು 15 ಮೀಟರಿನ ಪ್ಯಾನ್ ಬ್ಯಾಂಡಿನೊಂದಿಗೆ gdal_pansharpen.py ಮೂಲಕ ಸೇರಿಸಿದ್ದೇನೆ. ನಾಲ್ಕನ್ನೂ ಮೊದಲೇ ಪ್ರತಿಫಲನ ಮೌಲ್ಯಕ್ಕೆ ಬದಲಾಯಿಸಿಕೊಂಡಿದ್ದೆ. ಕಾಲುವೆಗಳ ಅಂಚು ಸ್ಪಷ್ಟವಾಗಿದೆ. ಆದರೆ ಭತ್ತದ ಗದ್ದೆಗಳು ಮೂಲಕ್ಕಿಂತ ಕಪ್ಪಾಗಿವೆ, ಕೆಂಪು ಮಣ್ಣಿನ ಹೊಲಗಳು ಬಿಳಿಚಿಕೊಂಡಿವೆ. ಒಂದು ಗದ್ದೆಯಲ್ಲಿ ಕೆಂಪು 0.05, ಹಸಿರು 0.08, ನೀಲಿ 0.10, ಪ್ಯಾನ್ 0.068 ಇದೆ. ತೂಕಗಳನ್ನು ನಾನು ಕೊಟ್ಟಿಲ್ಲ.

ಹಳೇನಕ್ಷೆ: ಪ್ಯಾನ್ ಬ್ಯಾಂಡು ಅವಗೆಂಪನ್ನೂ ನೋಡುತ್ತದೆ. ಆ ಬ್ಯಾಂಡನ್ನು ಸೇರಿಸದಿದ್ದರೆ ಹಸಿರಿನ ಹೊಳಪು ತಪ್ಪುವುದು ಸಹಜ. ಅದನ್ನೂ ಸೇರಿಸಿ ನೋಡಿ.

ಕಿರಣರೇಖೆ: ಆ ಮಾತು ಲ್ಯಾಂಡ್‌ಸ್ಯಾಟ್ 7ಕ್ಕೆ ಸರಿ, ಅದರ ಪ್ಯಾನ್ 0.52ರಿಂದ 0.90 ಮೈಕ್ರೋಮೀಟರ್‌ವರೆಗೆ ಹರಡಿತ್ತು. ಲ್ಯಾಂಡ್‌ಸ್ಯಾಟ್ 8ರಲ್ಲಿ ಅದು 0.50ರಿಂದ 0.68ರವರೆಗೆ ಮಾತ್ರ ಇರುವುದರಿಂದ ಅವಗೆಂಪು ಅದಕ್ಕೆ ಕಾಣುವುದೇ ಇಲ್ಲ, ನೀಲಿಯೂ ಅಂಚಿನಲ್ಲಷ್ಟೇ ಸಿಗುತ್ತದೆ. ತೂಕ ಕೊಡದಿದ್ದಾಗ ಉಪಕರಣವು ಮೂರು ಬಣ್ಣಗಳ ಸರಾಸರಿಯನ್ನು ಪ್ಯಾನ್‌ಗೆ ಸಮವೆಂದು ಭಾವಿಸಿ, ಪ್ರತಿ ಬಣ್ಣವನ್ನೂ ಅವೆರಡರ ಅನುಪಾತದಿಂದ ಗುಣಿಸುತ್ತದೆ. ನಿಮ್ಮ ಗದ್ದೆಯ ಸರಾಸರಿ 0.077, 0.068ನ್ನು ಅದರಿಂದ ಭಾಗಿಸಿದರೆ ಸುಮಾರು 0.89 ಬರುತ್ತದೆ, ಅಂದರೆ ಶೇ. 11ರಷ್ಟು ಕಪ್ಪು. ನೀಲಿ ಕಡಿಮೆಯಿರುವ ಕೆಂಪು ಮಣ್ಣಿನಲ್ಲಿ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಹೀಗೆ ಮಾಡಿ:

```
gdal_pansharpen.py -w 0.5 -w 0.45 -w 0.05 -r cubic pan.tif red.tif green.tif blue.tif out.tif
```

ತೂಕಗಳ ಕ್ರಮ ಬ್ಯಾಂಡ್‌ಗಳ ಕ್ರಮದಂತೆಯೇ ಇರಬೇಕು. ಇವು ಆರಂಭಕ್ಕೆ ಮಾತ್ರ. ಪ್ಯಾನನ್ನು 30 ಮೀಟರಿಗೆ ಸರಾಸರಿ ಮಾಡಿ, ಮೂರು ಬಣ್ಣಗಳಿಂದ ಅದನ್ನು ಅಂದಾಜಿಸುವ ರೇಖೀಯ ಹೊಂದಾಣಿಕೆಯಿಂದ ನಿಮ್ಮದೇ ಚಿತ್ರದ ತೂಕ ಪಡೆಯುವುದು ಮೇಲು.

ಕೋಟೆಬೆಟ್ಟ: ಕಾರ್ಟೊಸ್ಯಾಟ್-1ರ 2.5 ಮೀಟರ್ ಪ್ಯಾನ್‌ಗೆ ಲಿಸ್-4 ಬಣ್ಣ ಸೇರಿಸಿದಾಗ ನನಗೆ ಗುಡ್ಡಗಳ ಅಂಚಿನಲ್ಲಿ ಬಣ್ಣ ಪಕ್ಕಕ್ಕೆ ಸರಿದಿತ್ತು. ಇದೂ ತೂಕದ ದೋಷವೇ?

ಕಿರಣರೇಖೆ: ಅಲ್ಲ. ಕಾರ್ಟೊಸ್ಯಾಟ್-1ರ ಕ್ಯಾಮೆರಾಗಳು ಓರೆಯಾಗಿ ನೋಡುತ್ತವೆ, ಎತ್ತರದ ಜಾಗ ಸರಿದಂತೆ ಕಾಣುತ್ತದೆ. ಎರಡೂ ಚಿತ್ರಗಳನ್ನು ಎತ್ತರದ ಮಾದರಿಯಿಂದ ಸರಿಪಡಿಸದೆ ಸೇರಿಸಿದರೆ ಯಾವ ತೂಕವೂ ನೆರವಿಗೆ ಬಾರದು.

ಬಯಲುಸೀಮೆ: ಹೊಸ ಫಲಿತಾಂಶವನ್ನು ಮೂಲ ಗ್ರಿಡ್ಡಿಗೆ ಸರಾಸರಿ ಮಾಡಿ ಹೋಲಿಸಿದೆ, ಗದ್ದೆ ಈಗ ಮೂಲಕ್ಕಿಂತ ಶೇ. 3ರಷ್ಟು ಮಾತ್ರ ಹೊಳಪಾಗಿದೆ. ಬಾಳೆ ತೋಟ ಗುರುತಿಸಲು ಅವಗೆಂಪೂ 15 ಮೀಟರಿನಲ್ಲಿ ಬೇಕಿತ್ತು.

ಕಿರಣರೇಖೆ: ಉಪಕರಣ ಮಾಡಿಕೊಡುತ್ತದೆ. ಆದರೆ ಪ್ಯಾನ್ ಕಾಣದ ಬ್ಯಾಂಡಿಗೆ ಸೇರುವ ವಿವರವೆಲ್ಲ ಕೆಂಪು, ಹಸಿರಿನಿಂದ ಎರವಲು ಬಂದದ್ದು. ನಾನಾದರೆ ಸಸ್ಯ ಸೂಚ್ಯಂಕವನ್ನು 30 ಮೀಟರಿನಲ್ಲೇ ಲೆಕ್ಕ ಹಾಕುತ್ತೇನೆ.

ಹಳೇನಕ್ಷೆ: ತೋಟದ ಗಡಿ ಕಣ್ಣಿನಿಂದ ಗುರುತಿಸುವುದಕ್ಕಾದರೆ ಎರವಲು ವಿವರವೂ ಸಾಕು ಎಂಬುದು ನನ್ನ ಅಭಿಪ್ರಾಯ, ಅಳತೆಗೆ ಬೇಡ.